‘ಮೀರತಕ್ಕದ್ದಲ್ಲ’: ನೀರಿನ ಘಟಕದ ಟೆಂಡರ್ ಷರತ್ತುಗಳನ್ನು ಕನ್ನಡಕ್ಕೆ ತಂದ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ‘ದ್ರಾವಣದ ಸಾರತೆ’ಯನ್ನು ಬೋಧಿಸಬೇಕಾಗಿತ್ತು. ಉಪ್ಪುನೀರು, ಸಕ್ಕರೆನೀರಿನ ಲೆಕ್ಕಗಳ ಬದಲು ಮಕ್ಕಳು ದಿನವೂ ಕ್ಯಾನ್ ಹಿಡಿದು ಹೋಗುವ ಶುದ್ಧ ಕುಡಿಯುವ ನೀರಿನ ಘಟಕವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಪಾಠ ಜೀವಂತವಾಗಬಹುದು ಎಂದುಕೊಂಡೆ. ಊರಿನಲ್ಲಿ ಅದನ್ನು ಎಲ್ಲರೂ ‘ಫಿಲ್ಟರ್ ನೀರು’ ಎನ್ನುತ್ತಾರೆ. ಇಂಥ ಘಟಕಗಳ ಟೆಂಡರ್ ದಾಖಲೆಯಲ್ಲಿ ನೀರಿನ ಗುಣಮಟ್ಟದ ಮಿತಿಗಳು ಇಂಗ್ಲಿಷಿನಲ್ಲಿರುತ್ತವೆ. ಅವುಗಳನ್ನು ಕನ್ನಡಕ್ಕೆ ತಂದು ಕಪ್ಪುಹಲಗೆಯ ಮೇಲೆ ಬರೆದರೆ ಸಾಕು, ಮುಂದಿನದೆಲ್ಲ ಲೆಕ್ಕ ಎಂದು ಭಾವಿಸಿದ್ದೆ.

ನಾನು ಬರೆದ ಮೊದಲ ಸಾಲು ಹೀಗಿತ್ತು: “ಫ್ಲೋರೈಡ್ ಲೀಟರಿಗೆ 1.0ರಿಂದ 1.5 ಮಿಲಿಗ್ರಾಂ ಇರಬೇಕು.”

ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ಹಂಗಾದ್ರೆ ಫ್ಲೋರೈಡ್ 0.3 ಇರೋ ನೀರು ಫೇಲಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಳ್ಳೆಯ ಘಟಕದಿಂದ ಬರುವುದೇ ಅಂಥ ನೀರು. ನನ್ನ ವಾಕ್ಯದ ಪ್ರಕಾರ ಅದು ತಿರಸ್ಕೃತವಾಗಬೇಕು. ಸಂಖ್ಯೆಗಳೆರಡೂ ಸರಿಯಾಗಿದ್ದವು, ಅಳತೆಯ ಮಾನವೂ ಸರಿಯಾಗಿತ್ತು, ಆದರೆ ಅನುವಾದ ತಪ್ಪಾಗಿತ್ತು. ಆ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಮುಂದಿನ ಎರಡು ಅವಧಿಗಳನ್ನು ಈ ತಪ್ಪಿನ ಸುತ್ತಲೇ ಮತ್ತೆ ಯೋಜಿಸಿದೆ. ಆ ಯೋಜನೆ ಮತ್ತು ಅದರಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸ್ಥಳೀಯ ಹಿನ್ನೆಲೆ

ನಾನು ಹೊನ್ನಾಳಿ ಕಡೆಯವಳು. ಹೊನ್ನಾಳಿಗೂ ಅದರಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಗೂ ತುಂಗಭದ್ರೆ ಹತ್ತಿರ. ಚನ್ನಗಿರಿಗೆ ಶಾಂತಿಸಾಗರ, ಅಂದರೆ ಸೂಳೆಕೆರೆ ಇದೆ. ನದಿ ಮತ್ತು ಕೆರೆಯ ನೀರನ್ನು ಶುದ್ಧೀಕರಿಸುವಾಗ ಮೊದಲ ಚಿಂತೆ ಮಳೆಗಾಲದ ಕೆಸರು ಮತ್ತು ರೋಗಾಣುಗಳದು. ಅದಕ್ಕೆ ತಿಳಿಗೊಳಿಸುವುದು, ಮರಳಿನ ಮೂಲಕ ಸೋಸುವುದು, ಕ್ಲೋರಿನ್ ಬೆರೆಸುವುದು ದಾರಿ. ಜಗಳೂರಿನ ಕತೆ ಬೇರೆ. ಇಲ್ಲಿ ಆಸರೆ ಕೊಳವೆಬಾವಿ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಆದರೆ ಹಲವು ಕಡೆ ಅದರಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೂ ಬಟ್ಟೆಯಲ್ಲಿ ಸೋಸಿದರೂ ಅದು ಹೋಗುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಪ್ರಮಾಣ ಹೆಚ್ಚಿದ್ದರೆ ಮೂಳೆ, ಕೀಲುಗಳಿಗೂ ತೊಂದರೆ ಮುಟ್ಟುತ್ತದೆ. ಹೀಗಾಗಿ ಇಲ್ಲಿ ರಿವರ್ಸ್ ಆಸ್ಮಾಸಿಸ್, ಅಂದರೆ ಆರ್.ಓ. ಘಟಕಗಳು ಬಂದಿವೆ.

ಈ ನಾಲ್ಕು ತಾಲ್ಲೂಕುಗಳಿಗೆ ಸೇರಿಸಿ ಒಂದೇ ಟೆಂಡರ್ ಕರೆದರೆ, ಅದರ ಗುಣಮಟ್ಟದ ಪಟ್ಟಿಯಲ್ಲಿ ನದಿನೀರಿಗೆ ಮುಖ್ಯವಾದ ಅಂಶವೂ ಕೊಳವೆಬಾವಿಗೆ ಮುಖ್ಯವಾದ ಅಂಶವೂ ಅಕ್ಕಪಕ್ಕದಲ್ಲೇ ಇರುತ್ತವೆ. ನಾನು ಎಡವಿದ್ದು ಅಂಥ ಪಟ್ಟಿಯನ್ನು ಓದುವಾಗಲೇ. ಪಾಠಕ್ಕಾಗಿ ಯಾವುದೇ ಒಂದು ಟೆಂಡರಿನ ಪುಟವನ್ನು ನಾನು ಬಳಸಲಿಲ್ಲ. ಇಂಥ ದಾಖಲೆಗಳ ಮಾದರಿಯಲ್ಲಿ ನಾನೇ ಮೂರು ಇಂಗ್ಲಿಷ್ ಷರತ್ತುಗಳನ್ನು ಬರೆದುಕೊಂಡೆ. ಮಿತಿಗಳನ್ನು ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500:2012ರಿಂದ ತೆಗೆದುಕೊಂಡೆ.

ಕಲಿಕಾ ಉದ್ದೇಶಗಳನ್ನು ಮೂರಕ್ಕೆ ಸೀಮಿತಗೊಳಿಸಿದೆ. ವಿದ್ಯಾರ್ಥಿಯು ಷರತ್ತಿನಲ್ಲಿರುವ ಮಿತಿ ಕನಿಷ್ಠವೋ ಗರಿಷ್ಠವೋ ಎಂದು ಗುರುತಿಸುವನು. ಆ ಮಿತಿಯನ್ನು ಎಲ್ಲಿ ಅಳೆಯಬೇಕು ಎಂಬುದನ್ನು ಲೆಕ್ಕದ ಮೂಲಕ ಸಮರ್ಥಿಸುವನು. ಕೆಲಸ ಯಾರ ಹೊಣೆ ಎಂಬುದು ಕಳೆದುಹೋಗದಂತೆ ಷರತ್ತನ್ನು ಕನ್ನಡದಲ್ಲಿ ಬರೆಯುವನು.

ಮೊದಲ ಹಂತ: ಸಂಖ್ಯೆ ಯಾವ ಕಡೆಗೆ ಮುಖ ಮಾಡಿದೆ?

ನನ್ನ ತಪ್ಪಿನಿಂದಲೇ ಆರಂಭಿಸಿದೆ. ಮಾನಕದ ಪಟ್ಟಿಯಲ್ಲಿ ಪ್ರತಿ ಅಂಶದ ಮುಂದೆ ಎರಡು ಅಂಕಣಗಳಿವೆ. ಮೊದಲನೆಯದು ಸ್ವೀಕಾರಾರ್ಹ ಮಿತಿ, ಎರಡನೆಯದು ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ ಒಪ್ಪಬಹುದಾದ ಮಿತಿ. ಫ್ಲೋರೈಡ್ ಮುಂದೆ ಈ ಅಂಕಣಗಳಲ್ಲಿ 1.0 ಮತ್ತು 1.5 ಇವೆ. ಎರಡೂ ಗರಿಷ್ಠ ಮಿತಿಗಳೇ. ನಾನು ಅವನ್ನು ಒಂದು ಸಾಲಿನ ಎರಡು ತುದಿಗಳೆಂದು ಓದಿ, ‘ರಿಂದ’ ಎಂಬ ಪ್ರತ್ಯಯವನ್ನು ನಡುವೆ ಸೇರಿಸಿದ್ದೆ. ಅದರಿಂದ 1.0 ಎಂಬ ಗರಿಷ್ಠ ಮಿತಿ ಕನಿಷ್ಠ ಮಿತಿಯಾಗಿಬಿಟ್ಟಿತು.

ಇದಕ್ಕೆ ಕಾರಣವೂ ಇತ್ತು. ಅದೇ ಪಟ್ಟಿಯಲ್ಲಿ ಪಿ.ಎಚ್. ಮುಂದೆ 6.5ರಿಂದ 8.5 ಎಂದಿದೆ. ಅದು ನಿಜವಾಗಿಯೂ ಎರಡು ತುದಿಗಳಿರುವ ವ್ಯಾಪ್ತಿ. ಇನ್ನು ಕ್ಲೋರಿನ್ ಬೆರೆಸಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದಿದೆ. ನೀರು ಮನೆ ತಲುಪುವವರೆಗೂ ರೋಗಾಣುಗಳಿಂದ ರಕ್ಷಣೆ ಸಿಗಲಿ ಎಂಬುದು ಅದರ ಉದ್ದೇಶ. ಹೀಗೆ ಒಂದೇ ಪಟ್ಟಿಯಲ್ಲಿ ಒಂದು ಸಂಖ್ಯೆ ಮೇಲಿನ ಗೋಡೆ, ಇನ್ನೊಂದು ಕೆಳಗಿನ ನೆಲ, ಮತ್ತೊಂದು ಎರಡೂ. ಎಲ್ಲದಕ್ಕೂ ‘ಇಷ್ಟು ಇರಬೇಕು’ ಎಂದು ಬರೆದರೆ ಮೂರರ ಅರ್ಥವೂ ಕೆಡುತ್ತದೆ.

ಆ ಹುಡುಗಿಗೆ ನಾನು ಕೊಟ್ಟ ಉತ್ತರವನ್ನೂ ಇಲ್ಲಿ ದಾಖಲಿಸುತ್ತೇನೆ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೆಂಬುದು ನಿಜ. ಆದರೆ ಈ ಮಾನಕ ಫ್ಲೋರೈಡಿಗೆ ಕನಿಷ್ಠ ಮಿತಿಯನ್ನು ವಿಧಿಸಿಲ್ಲ. ಆದ್ದರಿಂದ 0.3 ಇರುವ ನೀರು ಪಾಸು.

ನಂತರ ತರಗತಿಯನ್ನು ಎಂಟು ಗುಂಪುಗಳನ್ನಾಗಿ ಮಾಡಿ ಮೊದಲ ಷರತ್ತನ್ನು ಕೊಟ್ಟೆ. ಫ್ಲೋರೈಡ್ ‘ಶಲ್ ನಾಟ್ ಎಕ್ಸೀಡ್’ 1.0 ಎಂದು ಅದರಲ್ಲಿತ್ತು. ಗುಂಪುಗಳಿಂದ ನಾಲ್ಕು ಬಗೆಯ ಕನ್ನಡ ಬಂತು: “1.0ಕ್ಕಿಂತ ಕಡಿಮೆ ಇರಬೇಕು”, “1.0ರ ಒಳಗೆ ಇರಬೇಕು”, “1.0ರವರೆಗೆ ಇರಬೇಕು”, “1.0 ಮೀರಬಾರದು”. ಎಲ್ಲವೂ ಒಂದೇ ಅಲ್ಲವೇ ಎಂದು ಮಕ್ಕಳು ವಾದಿಸಿದರು. ಆಗ ಹಲಗೆಯ ಮೇಲೆ ಮೂರು ಮಾದರಿಗಳನ್ನು ಬರೆದೆ: 0.9, 1.0, 1.1. ಪ್ರತಿ ವಾಕ್ಯವನ್ನೂ ತೀರ್ಪುಗಾರನಂತೆ ಓದಿ ಯಾವ ಮಾದರಿ ಪಾಸು, ಯಾವುದು ಫೇಲು ಎಂದು ಗುರುತು ಹಾಕಲು ಹೇಳಿದೆ.

0.9 ಮತ್ತು 1.1ರ ಬಗ್ಗೆ ಜಗಳವಿರಲಿಲ್ಲ. ಸರಿಯಾಗಿ 1.0 ಬಂದಾಗ ತರಗತಿ ಇಬ್ಭಾಗವಾಯಿತು. ಮೂಲದ ಪ್ರಕಾರ 1.0 ಪಾಸು, ಏಕೆಂದರೆ ಅದು ಮೀರಿಲ್ಲ. ‘ಕಡಿಮೆ ಇರಬೇಕು’ ಎಂಬ ವಾಕ್ಯದಲ್ಲಿ ಅದು ಫೇಲು. ‘ಒಳಗೆ’ ಎಂದಾಗ ಗೆರೆಯ ಮೇಲಿರುವುದು ಒಳಗೋ ಹೊರಗೋ ಎಂದು ಅರ್ಧ ತರಗತಿ ಕೇಳಿತು. ನಾಲ್ಕು ವಾಕ್ಯಗಳಲ್ಲಿ ಮೂಲದ ತೀರ್ಪನ್ನು ಯಾವ ಅನುಮಾನವೂ ಇಲ್ಲದೆ ಕೊಟ್ಟದ್ದು ‘ಮೀರಬಾರದು’ ಒಂದೇ. ಅದನ್ನೇ ಕಾನೂನಿನ ಕನ್ನಡದಲ್ಲಿ ‘ಮೀರತಕ್ಕದ್ದಲ್ಲ’ ಎನ್ನುತ್ತಾರೆ. ಈ ಚಟುವಟಿಕೆಗೆ ಮಕ್ಕಳೇ ‘ಗಡಿ ಪರೀಕ್ಷೆ’ ಎಂದು ಹೆಸರಿಟ್ಟರು. ಅನುವಾದ ಸರಿಯೋ ತಪ್ಪೋ ಎಂದು ತಿಳಿಯಲು ಇಂಗ್ಲಿಷ್ ಪಂಡಿತರು ಬೇಕಿಲ್ಲ. ಮಿತಿಗಿಂತ ಕೊಂಚ ಕೆಳಗೆ, ಮಿತಿಯಲ್ಲೇ, ಕೊಂಚ ಮೇಲೆ ಇರುವ ಮೂರು ಮಾದರಿಗಳಿಗೆ ಮೂಲವೂ ಅನುವಾದವೂ ಒಂದೇ ತೀರ್ಪು ಕೊಡುತ್ತವೆಯೇ ಎಂದು ನೋಡಿದರೆ ಸಾಕು.

‘ವರೆಗೆ’ ಎಂಬ ಪದದ ಅಪಾಯ ಇನ್ನೊಂದು ಷರತ್ತಿನಲ್ಲಿ ಎದ್ದು ಕಂಡಿತು. ಆರ್.ಓ. ಘಟಕಕ್ಕೆ ಹೋದ ನೀರೆಲ್ಲ ಶುದ್ಧ ನೀರಾಗಿ ಬರುವುದಿಲ್ಲ. ಒಂದು ಪಾಲು ಪೊರೆಯನ್ನು ದಾಟಿ ಶುದ್ಧವಾಗುತ್ತದೆ, ಉಳಿದ ಪಾಲು ಲವಣಗಳನ್ನು ಹೊತ್ತು ಹೊರಹೋಗುತ್ತದೆ. ಶುದ್ಧವಾಗಿ ಸಿಗುವ ಪಾಲನ್ನು ರಿಕವರಿ ಎನ್ನುತ್ತಾರೆ. ನನ್ನ ಮಾದರಿ ಷರತ್ತಿನಲ್ಲಿ ರಿಕವರಿ ‘ನಾಟ್ ಲೆಸ್ ದ್ಯಾನ್’ ಶೇ 50 ಎಂದಿತ್ತು. ಒಂದು ಗುಂಪು “ರಿಕವರಿ ಶೇ 50ರವರೆಗೆ ಇರಬೇಕು” ಎಂದು ಬರೆಯಿತು. ಓದಲು ಸಹಜವಾಗಿದೆ. ಆದರೆ ಗಡಿ ಪರೀಕ್ಷೆಗೆ ಒಡ್ಡಿ ನೋಡಿ: ಶೇ 30 ಕೊಡುವ ಘಟಕ ಮೂಲದ ಪ್ರಕಾರ ಫೇಲು, ಈ ಕನ್ನಡದ ಪ್ರಕಾರ ಪಾಸು.

ಲೆಕ್ಕವನ್ನು ಮಕ್ಕಳೇ ಮಾಡಿದರು. ಗಂಟೆಗೆ 1000 ಲೀಟರ್ ಶುದ್ಧ ನೀರು ಬೇಕು. ರಿಕವರಿ ಶೇ 50 ಆದರೆ ಕೊಳವೆಬಾವಿಯಿಂದ 2000 ಲೀಟರ್ ಎತ್ತಬೇಕು, 1000 ಲೀಟರ್ ಹೊರಹೋಗುತ್ತದೆ. ರಿಕವರಿ ಶೇ 30 ಆದರೆ ಸುಮಾರು 3333 ಲೀಟರ್ ಎತ್ತಬೇಕು, 2333 ಲೀಟರ್ ಹೊರಹೋಗುತ್ತದೆ. ಒಂದು ಪದದ ವ್ಯತ್ಯಾಸಕ್ಕೆ ಗಂಟೆಗೆ 1333 ಲೀಟರ್ ಹೆಚ್ಚುವರಿ ಅಂತರ್ಜಲ. ಜಗಳೂರಿನ ಮಕ್ಕಳಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿರಲಿಲ್ಲ. “ಹಾಗಾದರೆ ಶೇ 90 ಎಂದೇ ಬರೆಯಬಹುದಲ್ಲ?” ಎಂದು ಒಬ್ಬ ಹುಡುಗ ಕೇಳಿದ. ರಿಕವರಿ ಹೆಚ್ಚಿಸಿದಷ್ಟೂ ಉಳಿಯುವ ನೀರಿನಲ್ಲಿ ಲವಣ ದಟ್ಟವಾಗಿ ಪೊರೆಯ ಮೇಲೆ ಬಿಳಿ ಪದರ ಕಟ್ಟುತ್ತದೆ; ಪೊರೆ ಬೇಗ ಹಾಳಾಗುತ್ತದೆ. ಆದ್ದರಿಂದ ಈ ಸಂಖ್ಯೆಯನ್ನು ನೀರಿನ ಗುಣ ನೋಡಿ ನಿಗದಿ ಮಾಡುತ್ತಾರೆ. ಅನುವಾದಕ ಅದನ್ನು ಏರಿಸುವಂತೆಯೂ ಇಲ್ಲ, ಇಳಿಸುವಂತೆಯೂ ಇಲ್ಲ.

ಎರಡನೇ ಹಂತ: ಎಲ್ಲಿ ಅಳೆಯಬೇಕು?

ಎರಡನೇ ಷರತ್ತಿನಲ್ಲಿ ಫ್ಲೋರೈಡ್ ಮಿತಿಯ ಜೊತೆಗೆ ‘ಅಟ್ ದಿ ಡಿಸ್ಪೆನ್ಸಿಂಗ್ ಟ್ಯಾಪ್’ ಎಂಬ ಪದಗುಚ್ಛ ಸೇರಿಸಿದ್ದೆ. ಎಂಟರಲ್ಲಿ ಮೂರು ಗುಂಪುಗಳು ಅದನ್ನು ಬಿಟ್ಟೇ ಬರೆದಿದ್ದವು. “ಶುದ್ಧೀಕರಿಸಿದ ನೀರಿನಲ್ಲಿ ಫ್ಲೋರೈಡ್ 1.0 ಮೀರತಕ್ಕದ್ದಲ್ಲ” ಎಂಬ ವಾಕ್ಯ ಚೆನ್ನಾಗಿಯೇ ಇದೆ, ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದೇ ಇಲ್ಲ. ಬಿಟ್ಟದ್ದರಿಂದ ಏನಾಗುತ್ತದೆ ಎಂಬುದನ್ನು ತೋರಿಸಲು ಸಾರತೆಯ ಲೆಕ್ಕ ಬೇಕಾಯಿತು. ನನ್ನ ಮೂಲ ಪಾಠದ ವಿಷಯ ಇಲ್ಲಿ ಸಹಜವಾಗಿ ಒಳಬಂತು.

ಪೊರೆಯಿಂದ ಬರುವ ನೀರು ಬಹಳ ತೆಳುವಾಗಿ ರುಚಿಯಿಲ್ಲದಂತೆ ಇರಬಹುದು. ಹಾಗಾಗಿ ಕೆಲವು ಘಟಕಗಳಲ್ಲಿ ಸೋಸಿದ ಆದರೆ ಪೊರೆ ದಾಟದ ನೀರನ್ನು ಒಂದಿಷ್ಟು ಬೆರೆಸುವ ಅಡ್ಡಪೈಪು ಮತ್ತು ವಾಲ್ವ್ ಇರುತ್ತವೆ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 3.0 ಮಿಲಿಗ್ರಾಂ ಫ್ಲೋರೈಡ್ ಇದೆ, ಪೊರೆಯಿಂದ ಬಂದ ನೀರಿನಲ್ಲಿ 0.3 ಇದೆ ಎಂದಿಟ್ಟುಕೊಳ್ಳೋಣ. ಪೊರೆಯ ನೀರು 800 ಲೀಟರಿಗೆ ಬಾವಿಯ ನೀರು 200 ಲೀಟರ್ ಬೆರೆಸಿದರೆ ಒಟ್ಟು ಫ್ಲೋರೈಡ್ 240 ಮತ್ತು 600 ಸೇರಿ 840 ಮಿಲಿಗ್ರಾಂ, ಅಂದರೆ ಲೀಟರಿಗೆ 0.84. ಇದು ಪಾಸು. ವಾಲ್ವನ್ನು ಇನ್ನೂ ಸ್ವಲ್ಪ ತಿರುಗಿಸಿ 700ಕ್ಕೆ 300 ಲೀಟರ್ ಬೆರೆಸಿದರೆ 210 ಮತ್ತು 900 ಸೇರಿ 1110 ಮಿಲಿಗ್ರಾಂ, ಲೀಟರಿಗೆ 1.11. ಇದು ಫೇಲು.

ಈಗ ಅನುವಾದಕ್ಕೆ ಬನ್ನಿ. ಪೊರೆಯ ಬಾಯಲ್ಲಿ ಅಳೆದರೆ ಎರಡೂ ಸಂದರ್ಭಗಳಲ್ಲಿ 0.3 ಬರುತ್ತದೆ. ಗುತ್ತಿಗೆದಾರನು “ಶುದ್ಧೀಕರಿಸಿದ ನೀರು ಇದೇ” ಎಂದರೆ, ಸ್ಥಳ ಹೇಳದ ವಾಕ್ಯದಲ್ಲಿ ಅವನ ಮಾತನ್ನು ಅಲ್ಲಗಳೆಯಲು ಏನೂ ಇಲ್ಲ. ಕ್ಯಾನ್ ತುಂಬುವ ನಲ್ಲಿಯಲ್ಲಿ ಅಳೆದರೆ ಮಾತ್ರ 1.11 ಬೆಳಕಿಗೆ ಬರುತ್ತದೆ. ಮಗು ಕುಡಿಯುವುದು ನಲ್ಲಿಯ ನೀರನ್ನು, ಪೊರೆಯ ನೀರನ್ನಲ್ಲ. ‘ಡಿಸ್ಪೆನ್ಸಿಂಗ್ ಟ್ಯಾಪ್’ಗೆ ಭಾರವಾದ ಪದವೊಂದನ್ನು ಹುಡುಕುತ್ತಿದ್ದ ಗುಂಪಿಗೆ ಪಕ್ಕದ ಗುಂಪಿನಿಂದಲೇ ಉತ್ತರ ಸಿಕ್ಕಿತು: ‘ಕ್ಯಾನ್ ತುಂಬುವ ನಲ್ಲಿ’. ಯಾವ ನಲ್ಲಿ ಎಂದು ಊರಿನಲ್ಲಿ ಯಾರೂ ಮತ್ತೆ ಕೇಳಬೇಕಾಗಿಲ್ಲ. ಘಟಕದಲ್ಲಿ ಎರಡು ನಲ್ಲಿಗಳಿದ್ದರೆ ‘ಪ್ರತಿಯೊಂದು ನಲ್ಲಿಯಲ್ಲಿ’ ಎಂದು ಸೇರಿಸಬೇಕೆಂದೂ ಅವರೇ ತೀರ್ಮಾನಿಸಿದರು.

ಇಲ್ಲೊಂದು ಎಚ್ಚರಿಕೆ. ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮೀಟರನ್ನು ಮುಳುಗಿಸಿ “ನೀರು ಚೆನ್ನಾಗಿದೆ” ಎನ್ನುವುದು ರೂಢಿಯಾಗಿದೆ. ಆ ಮೀಟರ್ ನೀರಿನ ವಿದ್ಯುದ್ವಾಹಕತೆಯಿಂದ ಒಟ್ಟು ಕರಗಿದ ಲವಣವನ್ನು ಅಂದಾಜಿಸುತ್ತದೆ. ನೂರಾರು ಮಿಲಿಗ್ರಾಂ ಲವಣದ ನಡುವೆ ಫ್ಲೋರೈಡಿನ ಒಂದು ಮಿಲಿಗ್ರಾಂ ಹೆಚ್ಚಿದೆಯೋ ಇಲ್ಲವೋ ಎಂದು ಅದು ಹೇಳಲಾರದು. ಬಣ್ಣ ಬದಲಾಗುವ ಪರೀಕ್ಷಾ ಕಿಟ್ ಫ್ಲೋರೈಡನ್ನು ತೋರಿಸುತ್ತದೆ. ಆದರೆ 0.9 ಮತ್ತು 1.1ರ ಬಣ್ಣಗಳನ್ನು ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ, ಅಂಥ ಗಡಿಯ ಮಾದರಿಗೆ ಪ್ರಯೋಗಾಲಯವೇ ಬೇಕು. ಷರತ್ತಿನಲ್ಲಿ ‘ಫ್ಲೋರೈಡ್’ ಎಂದಿದ್ದರೆ ಕನ್ನಡದಲ್ಲೂ ‘ಫ್ಲೋರೈಡ್’ ಎಂದೇ ಇರಬೇಕು. ಸುಲಭವಾಗಲೆಂದು ‘ಲವಣಾಂಶ’ ಎಂದು ಬರೆದರೆ ಮೀಟರಿನ ಓದೇ ಸಾಕ್ಷಿಯಾಗಿಬಿಡುತ್ತದೆ.

ಮೂರನೇ ಹಂತ: ಯಾರು ಮಾಡಬೇಕು?

ಮೂರನೇ ಷರತ್ತು ಹೊರಹೋಗುವ ನೀರಿನದು. ಗುತ್ತಿಗೆದಾರನು ಆ ನೀರನ್ನು ಪೈಪಿನ ಮೂಲಕ ನಿಗದಿತ ಜಾಗಕ್ಕೆ ಸಾಗಿಸತಕ್ಕದ್ದು, ಕೊಳವೆಬಾವಿಯ ಬಳಿ ಬಿಡತಕ್ಕದ್ದಲ್ಲ ಎಂಬುದು ಅದರ ಸಾರ. ಇದರ ಕಾರಣವನ್ನೂ ಮೊದಲು ಲೆಕ್ಕದಿಂದಲೇ ಕಂಡುಕೊಂಡೆವು. ಒಳಗೆ ಹೋದ 2000 ಲೀಟರಿನಲ್ಲಿ ಲೀಟರಿಗೆ 3.0ರಂತೆ 6000 ಮಿಲಿಗ್ರಾಂ ಫ್ಲೋರೈಡ್ ಇತ್ತು. ಶುದ್ಧ ನೀರು 1000 ಲೀಟರ್ 300 ಮಿಲಿಗ್ರಾಂ ಒಯ್ದಿತು. ಉಳಿದ 5700 ಮಿಲಿಗ್ರಾಂ ಹೊರಹೋಗುವ 1000 ಲೀಟರಿನಲ್ಲಿದೆ. ಅಂದರೆ ಲೀಟರಿಗೆ 5.7, ಬಾವಿಯಲ್ಲಿದ್ದುದರ ಸುಮಾರು ಎರಡರಷ್ಟು. ಪೊರೆ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತದೆ ಅಷ್ಟೇ. ಆ ನೀರನ್ನು ಬಾವಿಯ ಪಕ್ಕದಲ್ಲೇ ಇಂಗಿಸಿದರೆ ತೆಗೆದದ್ದನ್ನೇ ಮತ್ತೆ ಕೆಳಗೆ ಕಳುಹಿಸಿದಂತೆ.

ಮಕ್ಕಳಲ್ಲಿ ಹೆಚ್ಚಿನವರು ಬರೆದದ್ದು ಹೀಗೆ: “ಹೊರಹೋಗುವ ನೀರನ್ನು ನಿಗದಿತ ಜಾಗಕ್ಕೆ ಸಾಗಿಸಲಾಗುವುದು.” ನಾನೂ ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಸರ್ಕಾರಿ ಪ್ರಕಟಣೆಗಳನ್ನು ಓದಿ ಓದಿ ‘ಲಾಗುವುದು’ ಎಂಬುದು ನಮ್ಮ ಕಿವಿಗೆ ಅಧಿಕೃತವೆನಿಸುತ್ತದೆ. ಆದರೆ ಈ ವಾಕ್ಯಕ್ಕೆ ಕರ್ತೃವಿಲ್ಲ. “ಸಾಗಿಸದಿದ್ದರೆ ಯಾರನ್ನು ಕೇಳುತ್ತೀರಿ?” ಎಂದೆ. ಒಬ್ಬರು ಪಂಚಾಯಿತಿ ಎಂದರು, ಇನ್ನೊಬ್ಬರು ಇಂಜಿನಿಯರ್ ಎಂದರು, ಮತ್ತೊಬ್ಬರು ನೀರು ಬಿಡುವವನು ಎಂದರು. ಮೂಲದಲ್ಲಿ ಗುತ್ತಿಗೆದಾರನೆಂದು ಸ್ಪಷ್ಟವಾಗಿದ್ದ ಹೊಣೆ ಕನ್ನಡದಲ್ಲಿ ನಾಲ್ಕು ಜನರ ನಡುವೆ ಹಂಚಿಹೋಗಿತ್ತು. ಜೊತೆಗೆ ‘ಲಾಗುವುದು’ ಆಗಲಿರುವ ಸಂಗತಿಯನ್ನು ತಿಳಿಸುವ ಮಾತು, ಕಟ್ಟುಪಾಡಲ್ಲ.

ಇಲ್ಲಿ ನಾವು ಒಂದು ಸಣ್ಣ ಒಪ್ಪಂದಕ್ಕೆ ಬಂದೆವು. ಇಂಗ್ಲಿಷಿನ ‘ಶಲ್’ ಬಂದಲ್ಲೆಲ್ಲ ಕರ್ತೃವನ್ನು ಹೆಸರಿಸಿ ‘ತಕ್ಕದ್ದು’ ಎಂದು ಬರೆಯುವುದು. ‘ಶುಡ್’ ಬಂದಲ್ಲಿ ‘ಅಪೇಕ್ಷಣೀಯ’, ‘ಮೇ’ ಬಂದಲ್ಲಿ ‘ಬಹುದು’. ‘ಬೇಕು’ ತಪ್ಪು ಪದವಲ್ಲ, ಆದರೆ ಮಾತಿನಲ್ಲಿ ಅದು ಆಜ್ಞೆಗೂ ಸಲಹೆಗೂ ಒದಗುತ್ತದೆ. “ನೀವು ಊಟ ಮಾಡಿಕೊಂಡೇ ಹೋಗಬೇಕು” ಎಂಬ ‘ಬೇಕು’ ಮುರಿದರೆ ದಂಡ ಹಾಕುವ ‘ಬೇಕು’ ಅಲ್ಲ. ಕಾಯಿದೆಗಳ ಕನ್ನಡ ‘ತಕ್ಕದ್ದು’ವನ್ನು ಉಳಿಸಿಕೊಂಡಿರುವುದರ ಪ್ರಯೋಜನ ನನಗೆ ಅಂದು ಅರ್ಥವಾಯಿತು. ಹಳೆಯದೆಂದು ಅದನ್ನು ಕೈಬಿಡುತ್ತಿದ್ದವಳು ನಾನೇ.

ಮೌಲ್ಯಮಾಪನ

ಕೊನೆಯಲ್ಲಿ ಗುಂಪುಗಳು ತಮ್ಮ ಹಾಳೆಗಳನ್ನು ಅದಲುಬದಲು ಮಾಡಿಕೊಂಡವು. ಇಂಗ್ಲಿಷ್ ಮೂಲವನ್ನು ಮರೆಮಾಡಿ, ಕೈಗೆ ಬಂದ ಕನ್ನಡ ವಾಕ್ಯವನ್ನು ಮಾತ್ರ ಓದಿ ಮೂರು ವಿಷಯಗಳನ್ನು ಬರೆಯಬೇಕಿತ್ತು: ಮಿತಿಯನ್ನು ಗಣಿತದ ≤ ಅಥವಾ ≥ ಚಿಹ್ನೆಯಲ್ಲಿ, ಅಳೆಯುವ ಸ್ಥಳ, ಹೊಣೆಗಾರನ ಹೆಸರು. ಬಳಿಕ ಅದನ್ನು ಮೂಲದೊಂದಿಗೆ ಹೋಲಿಸಿದೆವು. ಚಿಹ್ನೆ ತಿರುಗಿದ್ದರೆ ಅಥವಾ ಯಾವುದಾದರೂ ಜಾಗ ಖಾಲಿ ಉಳಿದಿದ್ದರೆ ತಪ್ಪು ಬರೆದವರದು, ಓದಿದವರದಲ್ಲ ಎಂಬುದು ನಿಯಮ. ಅಂಕ ಕೊಡಲು ನನಗೂ ಇದು ಸುಲಭವಾಯಿತು. ಭಾಷೆಯ ಸೊಗಸಿನ ಬಗ್ಗೆ ಅಭಿಪ್ರಾಯಭೇದ ಇರಬಹುದು, ತಿರುಗಿದ ಚಿಹ್ನೆಯ ಬಗ್ಗೆ ಇರುವುದಿಲ್ಲ.

ತರಗತಿ ಒಪ್ಪಿದ ಅಂತಿಮ ರೂಪ ಹೀಗಿದೆ: “ಕ್ಯಾನ್ ತುಂಬುವ ಪ್ರತಿಯೊಂದು ನಲ್ಲಿಯಲ್ಲಿ ತೆಗೆದ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.0 ಮಿಲಿಗ್ರಾಂ ಮೀರದಂತೆ ಗುತ್ತಿಗೆದಾರನು ಘಟಕವನ್ನು ನಡೆಸತಕ್ಕದ್ದು. ರಿಕವರಿಯು ಶೇ 50ಕ್ಕಿಂತ ಕಡಿಮೆಯಿರತಕ್ಕದ್ದಲ್ಲ. ಹೊರಹೋಗುವ ನೀರನ್ನು ಗುತ್ತಿಗೆದಾರನು ಪೈಪಿನ ಮೂಲಕ ನಿಗದಿತ ಜಾಗಕ್ಕೆ ಸಾಗಿಸತಕ್ಕದ್ದು, ಕೊಳವೆಬಾವಿಯ ಬಳಿ ಬಿಡತಕ್ಕದ್ದಲ್ಲ.”

ಪ್ರತಿಫಲನ

ಪಾಠ ವೀಕ್ಷಿಸಿದ ಮಾರ್ಗದರ್ಶಿ ಅಧ್ಯಾಪಕರು ಎರಡು ಕೊರತೆಗಳನ್ನು ತೋರಿಸಿದರು. ಮೊದಲನೆಯದು ಸಮಯ. ಮೂರು ಷರತ್ತುಗಳು ಎರಡು ಅವಧಿಗಳಿಗೆ ಹೆಚ್ಚಾದವು, ಹೊರಹೋಗುವ ನೀರಿನ ಲೆಕ್ಕವನ್ನು ನಾನು ಅವಸರದಲ್ಲಿ ಮುಗಿಸಿದೆ. ಮುಂದಿನ ಬಾರಿ ಮೊದಲ ಎರಡು ಷರತ್ತುಗಳನ್ನು ಮಾತ್ರ ತರಗತಿಯಲ್ಲಿ ಮಾಡಿಸಿ, ಮೂರನೆಯದನ್ನು ಮನೆಗೆಲಸವಾಗಿ ಕೊಡುತ್ತೇನೆ. ಎರಡನೆಯ ಕೊರತೆ ಹೆಚ್ಚು ಮುಖ್ಯವಾದದ್ದು. ನಮ್ಮ ಕನ್ನಡ ರೂಪ ಓದಿ ತಿಳಿಯುವುದಕ್ಕೆ ಮಾತ್ರ, ವಿವಾದ ಬಂದರೆ ಸಹಿಯಾದ ಮೂಲ ದಾಖಲೆಯೇ ಆಧಾರ ಎಂಬುದನ್ನು ನಾನು ಮಕ್ಕಳಿಗೆ ಹೇಳಿರಲಿಲ್ಲ. ಮರುದಿನ ಹೇಳಿದೆ. ಅನುವಾದದ ಕೆಳಗೆ ಮೂಲದ ಷರತ್ತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ದೂರು ಬರೆಯುವಾಗ ಅದನ್ನೇ ಉಲ್ಲೇಖಿಸಬಹುದು ಎಂದೂ ತಿಳಿಸಿದೆ.

ನದಿಯ ನೀರು ಕುಡಿದು ಬೆಳೆದ ನಾನು ಫ್ಲೋರೈಡನ್ನು ಪಟ್ಟಿಯ ಒಂದು ಸಾಲಾಗಿ ಓದಿದ್ದೆ. ಪ್ರಶ್ನೆ ಕೇಳಿದ ಹುಡುಗಿ ಅದನ್ನು ತನ್ನ ಮನೆಯ ಕ್ಯಾನಿನ ನೀರಾಗಿ ಓದಿದಳು. ಕೊನೆಯ ದಿನ ಅವಳು ತನ್ನ ಗುಂಪಿನ ಹಾಳೆಯ ನಕಲೊಂದನ್ನು ಕೇಳಿ ತೆಗೆದುಕೊಂಡಳು. ಏಕೆಂದು ಕೇಳಿದ್ದಕ್ಕೆ, “ಅಲ್ಲಿ ನೀರನ್ನ ಯಾವ ನಲ್ಲೀಲಿ ಹಿಡಿದು ಟೆಸ್ಟ್ ಮಾಡ್ತಾರೆ ಅಂತ ಕೇಳ್ಬೇಕು ಮಿಸ್” ಎಂದಳು.